ಆಫರ್ ಲೆಟರ್ ಎರಡು ಬಂತು, ಸರಿ, ರೋಸ್ಟರ್ ನೋಡಿದ್ರಾ?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಆರಿಸಿಕೊಂಡಿದ್ದೇನೆ. ಬರೆದವರು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಊರಿನ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಎರಡು ವರ್ಷ ದುಡಿದವರು. ಈಗ ಬೆಂಗಳೂರಿನಲ್ಲಿ ಎರಡು ಕಡೆ ಸೆಲೆಕ್ಟ್ ಆಗಿದ್ದಾರೆ.

“ಅಕ್ಕಾ, ಒಂದು ದೊಡ್ಡ ಆಸ್ಪತ್ರೆ. 250 ಬೆಡ್, ಎನ್‌ಎಬಿಎಚ್ ಫುಲ್ ಅಕ್ರೆಡಿಟೇಶನ್ ಇದೆ, ಸಂಬಳ 26,000. ಇನ್ನೊಂದು ಚಿಕ್ಕದು. 100 ಬೆಡ್, ಎನ್‌ಎಬಿಎಚ್ ಎಂಟ್ರಿ ಲೆವೆಲ್, ಸಂಬಳ 23,000. ಎರಡರಲ್ಲೂ ಹಾಸ್ಟೆಲ್ ಇದೆ, ಎರಡರಲ್ಲೂ ಟ್ರೈನಿಂಗ್ ಫ್ರೀ ಅಂದ್ರು. ಮನೇಲಿ ಎಲ್ಲರೂ ದೊಡ್ಡದಕ್ಕೇ ಹೋಗು ಅಂತಾರೆ. ನೀವೇನಂತೀರಾ?”

ಮನೆಯವರು ಹೇಳೋದು ಸಹಜವೇ. ಹೆಸರು ದೊಡ್ಡದು, ಸಂಬಳ ಮೂರು ಸಾವಿರ ಜಾಸ್ತಿ, ಗೋಡೆಯ ಮೇಲೆ ಸರ್ಟಿಫಿಕೇಟ್. ಆದರೆ ಪತ್ರದಲ್ಲಿ ಒಂದು ವಿಷಯವೇ ಇಲ್ಲ. ಹೋಗಿ ಸೇರುವ ವಾರ್ಡಿನ ಡ್ಯೂಟಿ ರೋಸ್ಟರ್‌ನಲ್ಲಿ ಎಷ್ಟು ಹೆಸರಿದೆ? ನಾನು ವಾರ್ಡ್ ಇನ್‌ಚಾರ್ಜ್ ಆಗಿ ವರ್ಷಗಟ್ಟಲೆ ರೋಸ್ಟರ್ ಬರೆದವಳು. ಪೇಷಂಟ್ ಲೋಡ್, ಶಿಫ್ಟ್, ರಜೆ, ಟ್ರೈನಿಂಗ್ ಇವೆಲ್ಲದರ ನಿಜ ಬಣ್ಣ ಗೊತ್ತಾಗೋದು ಆ ಒಂದು ಹಾಳೆಯಲ್ಲೇ.

ನಾನು ಅವರಿಗೆ ವಾಪಸ್ ಬರೆದೆ: ಎರಡೂ ಕಡೆ ಇನ್ನೊಮ್ಮೆ ಹೋಗಿ, ನಾನು ಹೇಳಿದ್ದಷ್ಟನ್ನು ಮಾತ್ರ ಕೇಳ್ಕೊಂಡು ಬನ್ನಿ ಅಂತ. ಅವರು ಹೋದರು, ಕೇಳಿದರು, ಬರೆದು ಕಳಿಸಿದರು. ಅದನ್ನೇ ಇಟ್ಟುಕೊಂಡು ಇವತ್ತು ಲೆಕ್ಕ ಮಾಡೋಣ.

ಎನ್‌ಎಬಿಎಚ್ ಏನು ಹೇಳುತ್ತೆ, ಏನು ಹೇಳಲ್ಲ

ಮೊದಲು ಸರ್ಟಿಫಿಕೇಟ್ ವಿಷಯ ಮುಗಿಸಿಬಿಡೋಣ. ಎನ್‌ಎಬಿಎಚ್ ಅಂದರೆ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗೆ ಬರುವ, ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ. ಎಂಟ್ರಿ ಲೆವೆಲ್ ಅನ್ನೋದು ಮೊದಲ ಮೆಟ್ಟಿಲು. ಚಿಕ್ಕ ಆಸ್ಪತ್ರೆಗಳು ಇನ್ಶೂರೆನ್ಸ್‌ನ ಕ್ಯಾಶ್‌ಲೆಸ್ ವ್ಯವಹಾರಕ್ಕೆ ಅನುಕೂಲ ಅಂತಲೂ ಇದನ್ನು ಮಾಡಿಸಿಕೊಳ್ಳುತ್ತವೆ. ಫುಲ್ ಅಕ್ರೆಡಿಟೇಶನ್‌ಗೆ ಪಾಸಾಗಬೇಕಾದ ನಿಯಮಗಳು ಬಹಳ ಹೆಚ್ಚು. ಇದಲ್ಲದೆ ನರ್ಸಿಂಗ್ ಎಕ್ಸಲೆನ್ಸ್ ಅನ್ನುವ ಬೇರೆಯದೇ ಸರ್ಟಿಫಿಕೇಟ್ ಇದೆ. ಅದು ನರ್ಸಿಂಗ್ ವಿಭಾಗವನ್ನೇ ನೋಡಿ ಕೊಡುವಂಥದ್ದು. ಯಾವ ಆಸ್ಪತ್ರೆಗೆ ಯಾವುದಿದೆ, ಯಾವ ತಾರೀಖಿನವರೆಗೆ ಇದೆ ಅಂತ ಎನ್‌ಎಬಿಎಚ್ ವೆಬ್‌ಸೈಟಿನಲ್ಲೇ ನೋಡಬಹುದು. ‘ಅಪ್ಲೈ ಮಾಡಿದ್ದೀವಿ’ ಅನ್ನೋದು ‘ಸಿಕ್ಕಿದೆ’ ಅಂತ ಅಲ್ಲ.

ಫುಲ್ ಅಕ್ರೆಡಿಟೇಶನ್ ಇರುವ ಕಡೆ ನರ್ಸ್‌ಗೆ ನಿಜವಾದ ಲಾಭ ಇದೆ. ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ ಏನು ಮಾಡಬೇಕು ಅನ್ನೋದು ಬರೆದಿಟ್ಟಿರುತ್ತೆ. ಹೈ ರಿಸ್ಕ್ ಔಷಧಿಯನ್ನು ಇಬ್ಬರು ಚೆಕ್ ಮಾಡಬೇಕು, ಕ್ರ್ಯಾಶ್ ಕಾರ್ಟ್ ನಿಗದಿಯಂತೆ ನೋಡಬೇಕು, ಬ್ಲಡ್ ಕೊಡುವಾಗ ಹೀಗೇ ಬರೆಯಬೇಕು ಅನ್ನುವ ಪದ್ಧತಿ ಕೈಗೆ ಅಂಟುತ್ತೆ. ಮುಂದೆ ಎಲ್ಲಿ ಹೋದರೂ ಅದು ನಿಮ್ಮ ಜತೆಗೇ ಬರುತ್ತೆ.

ಆದರೆ ರಾತ್ರಿ ಎರಡು ಗಂಟೆಗೆ ನಿಮ್ಮ ಕೈಲಿ ಎಷ್ಟು ಪೇಷಂಟ್ ಇರ್ತಾರೆ ಅಂತ ಆ ಸರ್ಟಿಫಿಕೇಟ್ ಹೇಳಲ್ಲ. ಐಸಿಯು ವಿಷಯದಲ್ಲಿ ಎನ್‌ಎಬಿಎಚ್ ನಿರೀಕ್ಷೆ ಸ್ಪಷ್ಟ: ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್, ಉಳಿದ ಇಬ್ಬರಿಗೆ ಒಬ್ಬರು. ಜನರಲ್ ವಾರ್ಡಿಗೆ ಬಂದರೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಇದೆ: ಟೀಚಿಂಗ್ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಅದರ ಮೇಲೆ ರಜೆಗೆಂದು ಶೇ. 30ರಷ್ಟು ಹೆಚ್ಚುವರಿ ನರ್ಸ್‌ಗಳು. ಇದು ಕಾಗದದ ಮೇಲಿನ ಮಾತು. ವಾರ್ಡಿನ ಮಾತು ಬೇರೆ. ಅದಕ್ಕೇ ಲೆಕ್ಕ ಬೇಕು.

ನಾಲ್ಕರಿಂದ ಗುಣಿಸಿ

ದೊಡ್ಡ ಆಸ್ಪತ್ರೆಯ ಎಚ್‌ಆರ್ ಹೇಳಿದ್ದು: “ನಮ್ಮಲ್ಲಿ ವಾರ್ಡ್ ರೇಷಿಯೋ 1:6 ಮೇಡಂ.” ನಮ್ಮ ಓದುಗರು ಸೇರಬೇಕಾದದ್ದು 30 ಬೆಡ್‌ನ ವಾರ್ಡ್. ಆರು ಜನಕ್ಕೆ ಒಬ್ಬರು ಅಂದರೆ ಯಾವ ಹೊತ್ತಿನಲ್ಲಿ ಹೋಗಿ ನೋಡಿದರೂ ಐದು ಜನ ನರ್ಸ್ ಇರಬೇಕು.

ಈಗ ಪ್ರಶ್ನೆ: ಯಾವಾಗಲೂ ಐದು ಜನ ಇರಬೇಕಾದರೆ ಒಟ್ಟು ಎಷ್ಟು ಜನ ಬೇಕು?

ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ದುಡಿಯುತ್ತಾರೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಒಂದು ಜಾಗ ಹಗಲೂ ರಾತ್ರಿ ತುಂಬಿರಬೇಕಾದರೆ ಮೂರೂವರೆ ನರ್ಸ್ ಬೇಕು. ಇದರಲ್ಲಿ ವಾರದ ರಜೆ ಬಂತು, ಆದರೆ ಹಬ್ಬದ ರಜೆ, ಸಿಎಲ್, ಜ್ವರ ಬಂದ ದಿನ, ಅಕ್ಕನ ಮದುವೆ ಯಾವುದೂ ಬಂದಿಲ್ಲ. ವರ್ಷಕ್ಕೆ 30 ದಿನ ಅಂತ ಇಟ್ಟುಕೊಂಡರೂ ಮೂರೂವರೆ ನಾಲ್ಕರ ಹತ್ತಿರ ಹೋಗುತ್ತೆ. ಹಾಗಾಗಿ ನೆನಪಿಟ್ಟುಕೊಳ್ಳೋದು ಸುಲಭ: ಒಂದು ಹೊತ್ತಿಗೆ ಬೇಕಾದವರು ಎಷ್ಟೋ, ಅದರ ನಾಲ್ಕು ಪಟ್ಟು ಹೆಸರು ರೋಸ್ಟರ್‌ನಲ್ಲಿರಬೇಕು. ಐದು ಜನ ಬೇಕಾದರೆ 20 ಹೆಸರು. ಇನ್‌ಚಾರ್ಜ್ ಸಿಸ್ಟರ್‌ನ್ನು ಇದರಲ್ಲಿ ಸೇರಿಸಬೇಡಿ. ಅವರು ರೌಂಡ್ಸ್, ಇಂಡೆಂಟ್, ಫೈಲ್ ನೋಡ್ತಾ ಇರ್ತಾರೆ, ಪೇಷಂಟ್ ತಗೊಳ್ಳಲ್ಲ.

ನಮ್ಮ ಓದುಗರು ಆ ವಾರ್ಡಿಗೆ ಹೋಗಿ ನೋಟಿಸ್ ಬೋರ್ಡಿನ ರೋಸ್ಟರ್ ಎಣಿಸಿದರು. ಇನ್‌ಚಾರ್ಜ್ ಬಿಟ್ಟು 14 ಹೆಸರು.

14ನ್ನು ನಾಲ್ಕರಿಂದ ಭಾಗಿಸಿ: ಒಂದು ಹೊತ್ತಿಗೆ ಸರಾಸರಿ ಮೂರೂವರೆ ಜನ. 30 ಬೆಡ್ ತುಂಬಿದ್ದರೆ ಒಬ್ಬರಿಗೆ ಎಂಟರಿಂದ ಒಂಬತ್ತು. 1:6 ಅಲ್ಲಿಗೇ ಹೋಯ್ತು. ಆದರೆ ಕಥೆ ಇನ್ನೂ ಇದೆ, ಯಾಕಂದ್ರೆ ಸರಾಸರಿ ಅನ್ನೋದು ರೋಸ್ಟರ್‌ನಲ್ಲಿ ಇರಲ್ಲ.

ರಾತ್ರಿಗೆ ಉಳಿದದ್ದು ಎಷ್ಟು?

ಆ ಆಸ್ಪತ್ರೆಯ ಶಿಫ್ಟ್ ಹೀಗಿದೆ: ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 8. ಆರು, ಆರು, ಹನ್ನೆರಡು. ನಮ್ಮಲ್ಲಿ ಬಹಳ ಕಡೆ ಇರೋದೇ ಇದು.

ರೋಸ್ಟರ್ ಬರೆಯುವ ಇನ್‌ಚಾರ್ಜ್ ಜಾಗದಲ್ಲಿ ನಿಂತು ಯೋಚಿಸಿ. ಮೂರೂವರೆ ಜನ ಅಂದರೆ ದಿನಕ್ಕೆ ಒಟ್ಟು 84 ಗಂಟೆಯ ಕೆಲಸ ಕೈಯಲ್ಲಿದೆ. ಬೆಳಗ್ಗೆ ಡಾಕ್ಟರ್ ರೌಂಡ್ಸ್, ಡ್ರೆಸಿಂಗ್, ಸ್ಕ್ಯಾನ್, ಡಿಸ್ಚಾರ್ಜ್ ಎಲ್ಲಾ ಇರುತ್ತೆ, ಮ್ಯಾನೇಜ್‌ಮೆಂಟ್‌ನವರೂ ಓಡಾಡ್ತಿರ್ತಾರೆ. ಅಲ್ಲಿ ಐದು ಜನರನ್ನು ಹಾಕಲೇಬೇಕು: 30 ಗಂಟೆ ಹೋಯ್ತು. ಸಂಜೆ ನಾಲ್ವರು: 24 ಗಂಟೆ. ಉಳಿದದ್ದು 30 ಗಂಟೆ. ರಾತ್ರಿ ಡ್ಯೂಟಿ 12 ಗಂಟೆ ಆದ್ದರಿಂದ ಅದು ಎರಡೂವರೆ ಜನಕ್ಕೆ ಸಾಕಾಗುತ್ತೆ. ಅರ್ಧ ನರ್ಸ್ ಅಂತ ಯಾರೂ ಇಲ್ಲವಲ್ಲ. ಹಾಗಾಗಿ ಕೆಲವು ರಾತ್ರಿ ಮೂವರು, ಕೆಲವು ರಾತ್ರಿ ಇಬ್ಬರು.

ಅಂದರೆ ಬೆಳಗ್ಗೆ ಆರು ಪೇಷಂಟ್, ರಾತ್ರಿ ಹತ್ತರಿಂದ ಹದಿನೈದು. ಎಚ್‌ಆರ್ ಹೇಳಿದ್ದು ಸುಳ್ಳಲ್ಲ. ಬೆಳಗ್ಗೆ ಹತ್ತು ಗಂಟೆಗೆ ಅದು ನಿಜ.

ಹದಿನೈದು ಅಂದರೆ ಏನು ಅನ್ನೋದನ್ನು ರಾತ್ರಿ ಹತ್ತರ ಔಷಧಿಯಲ್ಲಿ ನೋಡಿ. ಚಾರ್ಟ್ ನೋಡೋದು, ಹೆಸರು ಮತ್ತು ಯುಎಚ್‌ಐಡಿ ಹೊಂದಿಸೋದು, ಇಂಜೆಕ್ಷನ್ ಕಲಸೋದು, ಕ್ಯಾನುಲಾ ಸರಿ ಇದೆಯಾ ಅಂತ ಫ್ಲಶ್ ಮಾಡೋದು, ಕೊಡೋದು, ಬರೆಯೋದು. ಕೈ ತೊಳೆಯೋದೂ ಸೇರಿ ಒಬ್ಬರಿಗೆ ಎಂಟು ನಿಮಿಷ ಅಂತ ಇಟ್ಕೊಳ್ಳಿ. ಹದಿನೈದು ಜನಕ್ಕೆ ಎರಡು ಗಂಟೆ. ಹತ್ತಕ್ಕೆ ಶುರು ಮಾಡಿದರೆ ಕೊನೆಯವರ ಆಂಟಿಬಯೋಟಿಕ್ ಹನ್ನೆರಡಕ್ಕೆ. ಅದೂ ನಡುವೆ ಯಾರ ಬಿಪಿಯೂ ಇಳಿಯದೆ, ಎಮರ್ಜೆನ್ಸಿಯಿಂದ ಹೊಸ ಅಡ್ಮಿಷನ್ ಬರದೆ, ಯಾವ ಅಟೆಂಡರೂ ‘ಸಿಸ್ಟರ್, ಡ್ರಿಪ್ ನಿಂತೋಯ್ತು’ ಅಂತ ಕರೆಯದೆ ಇದ್ದರೆ.

ಚಾರ್ಟ್‌ನಲ್ಲಿ ಏನಿರುತ್ತೆ? ಹದಿನೈದು ಜನಕ್ಕೂ ‘10 ಗಂಟೆ’ ಅಂತಲೇ. ಬೆಳಗಿನ ಜಾವ ಐದಕ್ಕೆ ಕೂತು ರಾತ್ರಿಯ ವೈಟಲ್ಸ್ ಎಲ್ಲ ಒಟ್ಟಿಗೆ ತುಂಬೋದೂ ಇಂಥ ವಾರ್ಡ್‌ಗಳಲ್ಲೇ. ಆಡಿಟ್‌ನಲ್ಲಿ ಫೈಲ್ ಚೆನ್ನಾಗಿ ಕಾಣುತ್ತೆ. ಆದರೆ ಏನಾದರೂ ಹೆಚ್ಚುಕಮ್ಮಿ ಆದ ದಿನ ಆ ಕಾಲಂನಲ್ಲಿರೋದು ನಿಮ್ಮ ಸಹಿ. ರೇಷಿಯೋ ಹೇಳಿದ ಎಚ್‌ಆರ್ ಸಹಿ ಅಲ್ಲಿರಲ್ಲ.

ಇನ್ನು ಚಿಕ್ಕ ಆಸ್ಪತ್ರೆ. ವಾರ್ಡ್ 20 ಬೆಡ್, ಎಂಟು ಗಂಟೆಯ ಮೂರು ಶಿಫ್ಟ್. ಅವರು ಹೇಳಿದ್ದು 1:7. ಕೇಳಿದಾಗ ದೊಡ್ಡದಕ್ಕಿಂತ ಕೆಟ್ಟದ್ದು ಅನ್ನಿಸುತ್ತೆ. ಮೂವರು ಬೇಕು, ನಾಲ್ಕರಿಂದ ಗುಣಿಸಿದರೆ 12. ರೋಸ್ಟರ್‌ನಲ್ಲಿ ಇನ್‌ಚಾರ್ಜ್ ಬಿಟ್ಟು ಸರಿಯಾಗಿ 12 ಹೆಸರಿತ್ತು. ಮೂರೂ ಶಿಫ್ಟ್‌ಗೆ ಮೂವರು ಮೂವರು. ರಾತ್ರಿಯೂ ಏಳೇ ಪೇಷಂಟ್.

ಎರಡು ಮಾತು ಎಚ್ಚರಿಕೆಗೆ. ನಾಲ್ಕರ ಲೆಕ್ಕ ವಾರಕ್ಕೆ 48 ಗಂಟೆ ಇರುವ ಕಡೆಗೆ. 40 ಗಂಟೆ ಇದ್ದರೆ ಹತ್ತಿರಹತ್ತಿರ ಐದರಿಂದ ಗುಣಿಸಿ. ಹಾಗೇ, ಬೆಡ್ ಸಂಖ್ಯೆ ಒಂದೇ ಲೋಡ್ ಅಲ್ಲ. ಮಾರನೆಯ ದಿನ ಮನೆಗೆ ಹೋಗುವ ಏಳು ಜನ ಬೇರೆ. ರೈಲ್ಸ್ ಟ್ಯೂಬ್ ಫೀಡ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ಏಳು ಜನ ಬೇರೆ. ವಾರ್ಡಿಗೆ ರಾತ್ರಿ ಆಯಾ ಇದ್ದಾರಾ, ಸ್ಕ್ಯಾನ್‌ಗೆ ಶಿಫ್ಟ್ ಮಾಡೋರು ಯಾರು, ಫಾರ್ಮಸಿಗೆ ಓಡೋರು ಯಾರು ಅಂತ ಕೇಳಿ. ಎಲ್ಲದಕ್ಕೂ ‘ಸಿಸ್ಟರ್ಸೇ ನೋಡ್ಕೊತಾರೆ’ ಅಂದರೆ ಏಳು ಹತ್ತಕ್ಕೆ ಸಮ.

ಶಿಫ್ಟ್: ರಜೆ ಅಂದರೆ ಯಾವ ರಜೆ?

ದೊಡ್ಡ ಆಸ್ಪತ್ರೆಯವರು ‘ನೈಟ್ ಆದ್ಮೇಲೆ ಆಫ್ ಇದೆ’ ಅಂದರು. ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಬೆಳಗ್ಗೆ 8ಕ್ಕೆ ನೈಟ್ ಮುಗಿಸಿ ಇಳಿಯುವ ದಿನವನ್ನೇ ಆಫ್ ಅಂತ ಎಣಿಸ್ತೀರಾ? ಹಾಗೆ ಎಣಿಸುವ ಕಡೆ ಸೋಮವಾರ ಬೆಳಗ್ಗೆ ಹ್ಯಾಂಡೋವರ್ ಕೊಟ್ಟು ಒಂಬತ್ತಕ್ಕೆ ಹಾಸ್ಟೆಲ್ ಸೇರಿ, ಮಲಗಿ ಎದ್ದರೆ ಸಂಜೆ. ಮಂಗಳವಾರ ಬೆಳಗ್ಗೆ ಮತ್ತೆ ಡ್ಯೂಟಿ. ರೋಸ್ಟರ್‌ನಲ್ಲಿ ಆಫ್ ಇದೆ, ನಿಮಗೆ ರಜೆ ಸಿಕ್ಕಿಲ್ಲ. ನಮ್ಮ ಓದುಗರಿಗೆ ಸಿಕ್ಕ ಉತ್ತರ ‘ಹೌದು, ಅದೇ ಆಫ್’ ಅಂತ.

ಚಿಕ್ಕ ಆಸ್ಪತ್ರೆಯಲ್ಲಿ ಇಳಿಯುವ ದಿನ ಬಿಟ್ಟು ಮಾರನೆಯ ದಿನವನ್ನು ಆಫ್ ಅಂತ ಕೊಡ್ತಾರೆ. ಆದರೆ ಒಟ್ಟಿಗೆ ಏಳು ನೈಟ್ ಹಾಕ್ತಾರೆ. ಅದು ಮೈಗೆ ಸುಲಭ ಅಲ್ಲ. ಅದನ್ನೂ ತಿಳಿದುಕೊಂಡೇ ಹೋಗಬೇಕು.

ಹ್ಯಾಂಡೋವರ್ ಸಮಯವೂ ಹೀಗೇ ಕಾಣದೆ ಜಾರಿಹೋಗುವಂಥದ್ದು. ದಿನಾ ಅರ್ಧ ಗಂಟೆ ಜಾಸ್ತಿ ನಿಂತರೆ, ತಿಂಗಳಿಗೆ 24 ಡ್ಯೂಟಿಗೆ 12 ಗಂಟೆ. ಎಂಟು ಗಂಟೆಯ ಲೆಕ್ಕದಲ್ಲಿ ಒಂದೂವರೆ ಡ್ಯೂಟಿ ಪುಕ್ಕಟೆ. ಬೇರೆಯವರು ಬರದ ದಿನ ಡಬಲ್ ಡ್ಯೂಟಿ ಮಾಡಿದರೆ ದುಡ್ಡು ಕೊಡ್ತಾರಾ, ಬದಲಿ ರಜೆ ಕೊಡ್ತಾರಾ, ಕಳೆದ ತಿಂಗಳು ಆ ವಾರ್ಡಿನಲ್ಲಿ ಎಷ್ಟು ಡಬಲ್ ಆಯ್ತು ಅಂತಲೂ ಕೇಳಿ. 20 ಜನರ ಜಾಗದಲ್ಲಿ 14 ಜನ ಇರುವ ಕಡೆ ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರಿಗೆ ಡಬಲ್ ತಪ್ಪಿದ್ದಲ್ಲ.

ಫ್ರೀ ಟ್ರೈನಿಂಗ್: ಯಾರ ದುಡ್ಡು, ಯಾರ ದಿನ, ಯಾರ ಹೆಸರು?

ಎರಡೂ ಕಡೆ ಟ್ರೈನಿಂಗ್ ಫ್ರೀ ಅಂದರು. ಆದರೆ ಎರಡೂ ಒಂದೇ ಅಲ್ಲ.

ದೊಡ್ಡ ಆಸ್ಪತ್ರೆ ಬಿಎಲ್‌ಎಸ್ ಮತ್ತು ಎಸಿಎಲ್‌ಎಸ್ ಎರಡನ್ನೂ ಮಾಡಿಸುತ್ತೆ. ಫೀಸ್ ಅವರದೇ. ಆದರೆ ಕ್ಲಾಸ್ ನಿಮ್ಮ ಆಫ್ ದಿನ. ಜತೆಗೆ ಎರಡು ವರ್ಷದ ಬಾಂಡ್. ಮಧ್ಯೆ ಬಿಟ್ಟರೆ ಒಂದು ಲಕ್ಷ, ಮತ್ತು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬಳಿ ಇಡಬೇಕು. ಚಿಕ್ಕ ಆಸ್ಪತ್ರೆ ಬಿಎಲ್‌ಎಸ್ ಮಾತ್ರ ಮಾಡಿಸುತ್ತೆ. ಆ ದಿನ ಡ್ಯೂಟಿ ಅಂತಲೇ ಲೆಕ್ಕ. ಆರು ತಿಂಗಳೊಳಗೆ ಬಿಟ್ಟರೆ ಕೋರ್ಸಿನ ಫೀಸ್ ವಾಪಸ್ ಕೊಡಬೇಕು, ಅಷ್ಟೇ.

ಇಲ್ಲಿ ನೋಡಬೇಕಾದ್ದು ಸರ್ಟಿಫಿಕೇಟ್ ಯಾರದ್ದು ಅಂತ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್ ನಿಮ್ಮ ಹೆಸರಿನಲ್ಲಿ ಬರುತ್ತೆ, ಎರಡು ವರ್ಷ ನಡೆಯುತ್ತೆ, ಬೇರೆ ಕಡೆ ಹೋದರೂ ನಿಮ್ಮದೇ. ‘ಇನ್-ಹೌಸ್ ಬಿಎಲ್‌ಎಸ್’ ಅಂತ ಆಸ್ಪತ್ರೆಯೇ ಕೊಡುವ ಕಾಗದಕ್ಕೆ ಹೊರಗೆ ಆ ಬೆಲೆ ಇರಲ್ಲ. ಕಾರ್ಡಿನ ಅವಧಿ ಎರಡು ವರ್ಷ, ಬಾಂಡ್ ಕೂಡ ಎರಡು ವರ್ಷ ಇದ್ದರೆ ಇನ್ನೊಂದು ತಮಾಷೆ: ನೀವು ಬಿಡುಗಡೆ ಆಗುವ ಹೊತ್ತಿಗೆ ಕಾರ್ಡೂ ಮುಗಿದಿರುತ್ತೆ.

ಬಾಂಡ್‌ನ ಮೊತ್ತ ನೋಡಿ ಹೆದರಬೇಕಾಗಿಲ್ಲ, ಹಾಗಂತ ಓದದೆ ಸಹಿ ಹಾಕಲೂಬಾರದು. ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಎಷ್ಟೇ ಬರೆದಿದ್ದರೂ ಸಿಗೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ಅಂದರೆ ಒಂದು ಲಕ್ಷ ಅಂತ ಬರೆದಾಕ್ಷಣ ಪೂರ್ತಿ ಒಂದು ಲಕ್ಷ ಕೊಡಲೇಬೇಕು ಅಂತೇನಿಲ್ಲ. ಆದರೆ ಒರಿಜಿನಲ್ ಅವರ ಬೀರುವಿನಲ್ಲಿದ್ದರೆ ಕಾಯ್ದೆ ಮಾತಾಡೋಕೆ ಮುಂಚೆ ನೀವೇ ದುಡ್ಡು ಕಟ್ಟಿ ಬರ್ತೀರಿ. ಹಾಗಾಗಿ ಒರಿಜಿನಲ್ ತೋರಿಸಿ, ಹೊಂದಿಸಿ ನೋಡಲಿ, ಅಲ್ಲೇ ವಾಪಸ್ ತಗೊಳ್ಳಿ. ಜೆರಾಕ್ಸ್ ಎಷ್ಟು ಬೇಕಾದರೂ ಕೊಡಿ.

ಟ್ರೈನಿಂಗ್ ಅಂದರೆ ಕೋರ್ಸ್ ಒಂದೇ ಅಲ್ಲ. ಸೇರಿದ ಮೊದಲ ವಾರಗಳಲ್ಲಿ ನಿಮ್ಮನ್ನು ರೋಸ್ಟರ್‌ನಲ್ಲಿ ಎಣಿಸ್ತಾರಾ, ಇಲ್ಲವಾ ಅನ್ನೋದು ಅದಕ್ಕಿಂತ ದೊಡ್ಡದು. ಒಬ್ಬ ಸೀನಿಯರ್ ಜತೆ ಎರಡು ವಾರ ಹೆಚ್ಚುವರಿಯಾಗಿ ಹಾಕುವ ಕಡೆ ಕಲಿಯಬಹುದು. ಮೂರನೇ ದಿನವೇ ಪೂರ್ತಿ ಪೇಷಂಟ್ ಕೊಡುವ ಕಡೆ ‘ಇಂಡಕ್ಷನ್’ ಅನ್ನೋದು ಪಿಪಿಟಿಯಲ್ಲಷ್ಟೇ ಇರುತ್ತೆ.

ಇದನ್ನೆಲ್ಲ ಯಾರನ್ನ ಕೇಳೋದು?

ಇಂಟರ್ವ್ಯೂನಲ್ಲಿ ‘ವಾರ್ಡ್ ಒಮ್ಮೆ ನೋಡಬಹುದಾ ಮೇಡಂ’ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್‌ರನ್ನೇ ಕೇಳಿ. ಚೆನ್ನಾಗಿ ನಡೆಯುವ ಕಡೆ ಕರ್ಕೊಂಡು ಹೋಗ್ತಾರೆ. ರೋಸ್ಟರ್ ಸಾಮಾನ್ಯವಾಗಿ ನರ್ಸಿಂಗ್ ಸ್ಟೇಷನ್‌ನಲ್ಲೇ ಅಂಟಿಸಿರುತ್ತೆ. ಎಣಿಸೋಕೆ ಅರ್ಧ ನಿಮಿಷ ಸಾಕು. ಫೋಟೋ ಮಾತ್ರ ತೆಗೀಬೇಡಿ.

ಬಿಡದಿದ್ದರೆ, ರಾತ್ರಿ 8ರ ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರದ ಟೀ ಅಂಗಡಿಗೆ ಹೋಗಿ. ಡ್ಯೂಟಿ ಮುಗಿಸಿ ಬರುವ ಸಿಸ್ಟರ್‌ಗಳನ್ನು ‘ಆಸ್ಪತ್ರೆ ಹೇಗಿದೆ’ ಅಂತ ಕೇಳಬೇಡಿ. ‘ಪರವಾಗಿಲ್ಲ’ ಅಂತಾರೆ, ನಿಮಗೇನೂ ಗೊತ್ತಾಗಲ್ಲ. ‘ಕಳೆದ ನೈಟ್‌ನಲ್ಲಿ ನಿಮಗೆ ಎಷ್ಟು ಪೇಷಂಟ್ ಇತ್ತು ಸಿಸ್ಟರ್?’ ಅಂತ ಕೇಳಿ. ಸಂಖ್ಯೆ ಕೇಳಿದರೆ ಸಂಖ್ಯೆಯೇ ಬರುತ್ತೆ. ನಮ್ಮ ಓದುಗರಿಗೆ ದೊಡ್ಡ ಆಸ್ಪತ್ರೆಯಲ್ಲಿ ಬಂದ ಉತ್ತರ ‘ಹದಿಮೂರು’. ನಮ್ಮ ಲೆಕ್ಕ ಹೇಳಿದ್ದು ಹತ್ತರಿಂದ ಹದಿನೈದು.

ಹಾಗಾದರೆ ಯಾವುದು?

ವಾರ್ಡ್ ಪೋಸ್ಟಿಂಗ್ ಆದರೆ ನನ್ನ ಉತ್ತರ ಚಿಕ್ಕ ಆಸ್ಪತ್ರೆ. ಮೂರು ಸಾವಿರ ಕಮ್ಮಿ ಬರುತ್ತೆ, ಗೊತ್ತು. ಮನೆಗೆ ದುಡ್ಡು ಕಳಿಸುವವರಿಗೆ ಅದು ಸಣ್ಣದಲ್ಲ. ಆದರೆ ರಾತ್ರಿಯ ಹದಿಮೂರು ಪೇಷಂಟ್, ಎಣಿಕೆಗೆ ಮಾತ್ರ ಇರುವ ಆಫ್, ಬೀರುವಿನಲ್ಲಿ ಸಿಕ್ಕಿಬಿದ್ದ ಮಾರ್ಕ್ಸ್ ಕಾರ್ಡ್, ಇವೆಲ್ಲದರ ಬೆಲೆಯೂ ಆ ಮೂರು ಸಾವಿರದಲ್ಲೇ ಸೇರಿದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಉತ್ತರ ಬದಲಾಗುತ್ತೆ. ಅವರಿಗೆ ಐಸಿಯು ಕಲಿಯುವ ಆಸೆ ಇದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದರು. ದೊಡ್ಡ ಆಸ್ಪತ್ರೆಯವರು ಐಸಿಯು ಪೋಸ್ಟಿಂಗ್ ಅಂತ ಆಫರ್ ಲೆಟರ್‌ನಲ್ಲೇ ಬರೆದುಕೊಟ್ಟರೆ, ಆ ಐಸಿಯುವಿನ ರೋಸ್ಟರ್ ಎಣಿಸಿ. ಹತ್ತು ಬೆಡ್, ಇಬ್ಬರಿಗೆ ಒಬ್ಬರು ಅಂದರೆ ಒಂದು ಹೊತ್ತಿಗೆ ಐವರು, ನಾಲ್ಕರಿಂದ ಗುಣಿಸಿದರೆ 20. ವೆಂಟಿಲೇಟರ್ ರೋಗಿಗಳಿದ್ದರೆ ಇನ್ನೂ ಜಾಸ್ತಿ. 20ರ ಮೇಲೆ ಹೆಸರಿದ್ದು, ಒರಿಜಿನಲ್ ಕೇಳೋದನ್ನು ಬಿಟ್ಟರೆ, ಆಗ ದೊಡ್ಡದಕ್ಕೇ ಹೋಗಲಿ. ಫುಲ್ ಅಕ್ರೆಡಿಟೇಶನ್‌ನ ಪದ್ಧತಿಗಳು, ಎಸಿಎಲ್‌ಎಸ್ ಎರಡೂ ಅಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಅಲ್ಲಿಯೂ 14 ಹೆಸರೇ ಇದ್ದರೆ ಬೇಡ. ವಾರ್ಡಿನಲ್ಲಿ ತಡವಾದ ಔಷಧಿ ಐಸಿಯುವಿನಲ್ಲಿ ತಡವಾದರೆ ಅದರ ಪರಿಣಾಮವೇ ಬೇರೆ.

ಅವರು ಈ ಸೋಮವಾರ ಐಸಿಯು ನೋಡೋಕೆ ಹೋಗ್ತಿದ್ದಾರೆ. ನೀವೂ ಎರಡು ಆಫರ್ ನಡುವೆ ಇದ್ದರೆ ಬೆಡ್ ಎಷ್ಟು, ರೋಸ್ಟರ್‌ನಲ್ಲಿ ಹೆಸರೆಷ್ಟು, ಶಿಫ್ಟ್ ಹೇಗೆ ಅಂತ ಮೂರು ಸಾಲು ಬರೆದು ಕಳಿಸಿ. ಆಸ್ಪತ್ರೆಯ ಹೆಸರು ಬೇಡ. ಲೆಕ್ಕ ಒಟ್ಟಿಗೇ ಮಾಡೋಣ.